ವಿಸಿಟಿಂಗ್ ಕಾರ್ಡ್ ಇಮೇಜಿನಲ್ಲಿ ಫೋನ್ ನಂಬರ್ ಬದಲಿಸುವುದು: ಟೇಲರ್ ಬರೆಯುವ ಮೆಸೇಜಿನಿಂದ ಕೊನೆಯ ಪ್ರೂಫ್‌ವರೆಗೆ

ಚಿಂಚವಾಡದಲ್ಲಿ ನನ್ನದು ಒಂದು ಸಣ್ಣ ಡಿಟಿಪಿ ಅಂಗಡಿ. ಪುಣೆಯ ಈ ಭಾಗದಲ್ಲಿ ವಿಜಯಪುರ, ಕಲಬುರಗಿ ಕಡೆಯ ಟೇಲರುಗಳು ಜಾಸ್ತಿ. ಅವರಲ್ಲಿ ಒಬ್ಬರು, ನಾವೆಲ್ಲ ಕಾಕಾ ಅನ್ನುವವರು, ಹೋದ ತಿಂಗಳು ವಾಟ್ಸಾಪಿನಲ್ಲಿ ಒಂದು ಫೋಟೋ ಕಳಿಸಿದರು. ಕೆಳಗೆ ಇಷ್ಟೇ ಬರೆದಿದ್ದರು:

> ಸರ, ನಮ್ಮ ಕಾರ್ಡಿನ್ಯಾಗ ನಂಬರ್ ಚೇಂಜ್ ಮಾಡಿ ಕೊಡ್ರಿ. ಅರ್ಜೆಂಟ್ ಐತಿ.

ಕಾರ್ಡಿನಲ್ಲಿ ಎರಡು ನಂಬರ್ ಇದ್ದವು. ಒಂದು ಮೊಬೈಲು, ಇನ್ನೊಂದು 020ರಿಂದ ಶುರುವಾಗುವ ಅಂಗಡಿಯ ಲ್ಯಾಂಡ್‌ಲೈನು. ಯಾವುದು ಹೋಗಬೇಕು? ಹೊಸದು ಎಲ್ಲಿದೆ? ಕೇಳಲು ಫೋನ್ ಮಾಡಿದೆ. ಕಾಕಾ ಮಷಿನ್ ಮೇಲೆ ಕೂತಿದ್ದರು, ಎತ್ತಲಿಲ್ಲ. ಅವರ ಅಂಗಡಿಯ ಮರಾಠಿ ಹುಡುಗ ಒಂದು ವಾಯ್ಸ್ ಮೆಸೇಜ್ ಕಳಿಸಿದ. ನಂಬರನ್ನು ಎರಡೆರಡು ಅಂಕಿ ಸೇರಿಸಿ ಮರಾಠಿಯಲ್ಲಿ ಹೇಳಿದ್ದ. ಹತ್ತು ನಿಮಿಷದ ಕೆಲಸ ಎರಡು ದಿನ ಹಿಡಿಯಿತು.

ಆ ಕೆಲಸವನ್ನೇ ಇಟ್ಟುಕೊಂಡು ಇಡೀ ದಾರಿ ಹೇಳುತ್ತೇನೆ. ಮೊದಲ ಅರ್ಧ ಕಾರ್ಡ್ ಕಳಿಸುವ ಟೇಲರಿಗೆ, ಉಳಿದದ್ದು ಕಂಪ್ಯೂಟರ್ ಮುಂದೆ ಕೂತವರಿಗೆ. ಯಾರದೋ ನಿಜವಾದ ನಂಬರ್ ಇಲ್ಲಿ ಹಾಕುವುದು ಸರಿಯಲ್ಲ. ನಮ್ಮಲ್ಲಿ ಮೊಬೈಲ್ ನಂಬರ್ 6, 7, 8 ಅಥವಾ 9ರಿಂದ ಶುರುವಾಗುತ್ತದೆ. ಹಾಗಾಗಿ 1ರಿಂದ ಶುರುವಾಗುವ ನಂಬರ್ ಬಳಸಿದ್ದೇನೆ. ಹಳೆಯದು 12340 55621, ಹೊಸದು 12340 87796 ಅಂತ ಇಟ್ಟುಕೊಳ್ಳಿ.

ಮೊದಲು: ನಂಬರ್ ಬದಲಿಸಲೇಬೇಕಾ?

ಕಾಕಾ ಮುಂಬೈಯಿಂದ ಪುಣೆಗೆ ಬಂದ ಮೇಲೆ ಸಿಮ್ ಬದಲಿಸಿದ್ದರು. ಮುಂಬೈ ಒಂದು ಬೇರೆಯೇ ಟೆಲಿಕಾಂ ಸರ್ಕಲ್. ಪುಣೆ, ಗೋವಾ ಎರಡೂ ಮಹಾರಾಷ್ಟ್ರ-ಗೋವಾ ಸರ್ಕಲ್ಲಿಗೆ ಸೇರುತ್ತವೆ. ಸರ್ಕಲ್ ಬದಲಾದರೆ ನಂಬರೂ ಬದಲಾಗಬೇಕು ಅಂತ ಅವರು ತಿಳಿದಿದ್ದರು. ಹಾಗೇನಿಲ್ಲ. ಕಂಪನಿ ಬದಲಿಸಿ ನಂಬರ್ ಉಳಿಸಿಕೊಳ್ಳುವ ಸೌಲಭ್ಯ 2011ರಲ್ಲೇ ದೇಶದ ತುಂಬ ಬಂತು. 2015ರಿಂದ ಬೇರೆ ಸರ್ಕಲ್ಲಿಗೆ ಹೋದರೂ ಅದೇ ನಂಬರ್ ಇಟ್ಟುಕೊಳ್ಳಬಹುದು. ಇಪ್ಪತ್ತು ವರ್ಷದ ಗಿರಾಕಿಗಳ ಫೋನಿನಲ್ಲಿ ಉಳಿದಿರುವ ನಂಬರು ಅಂದರೆ ಟೇಲರಿಗೆ ದೊಡ್ಡ ಆಸ್ತಿ. ಕೈ ಬಿಡುವ ಮೊದಲು ಪೋರ್ಟ್ ಆಗುತ್ತದಾ ಅಂತ ಕೇಳಿ ನೋಡಿ. ಕಾಕಾ ಅವರ ಹಳೆಯ ನಂಬರ್ ಆಗಲೇ ಬಂದ್ ಆಗಿತ್ತು, ಹಾಗಾಗಿ ಕಾರ್ಡ್ ಬದಲಿಸುವುದೇ ದಾರಿ.

ಮೆಸೇಜಿನಲ್ಲಿ ಏನಿರಬೇಕು

ಉದ್ದ ಬರೆಯಬೇಕಿಲ್ಲ. ಆಮೇಲೆ ನಾವಿಬ್ಬರೂ ಕೂತು ಕಾಕಾ ಅವರ ಮೆಸೇಜನ್ನು ಹೀಗೆ ತಿದ್ದಿದೆವು:

> ನಮಸ್ಕಾರ ಸರ. ಕಾರ್ಡಿನ ಎರಡೂ ಬದಿ ಡಾಕ್ಯುಮೆಂಟ್ ಮಾಡಿ ಕಳಸೇನಿ.
> ತೆಗಿಯೂದು: 12340 55621 (ವಾಟ್ಸಾಪ್ ಗುರುತಿನ ಬಾಜೂಕ ಇರೂದು)
> ಹಾಕೂದು: 12340 87796
> ಲ್ಯಾಂಡ್‌ಲೈನ್ ಹಾಂಗ ಇರ್ಲಿ. ಬ್ಯಾರೆ ಏನೂ ಮುಟ್ಟಬ್ಯಾಡ್ರಿ.
> ಹೊಸಾ ನಂಬರಿಗೂ ವಾಟ್ಸಾಪ್ ಐತಿ. ಹಿಂದಿನ ಕ್ಯೂಆರ್ ಹಳೇ ನಂಬರಿಂದು, ಹೊಸಾದು ಕಳಸ್ತೇನಿ.
> ವಾಟ್ಸಾಪಿಗೆ ಒಂದು ಇಮೇಜ್ ಬೇಕು, 500 ಕಾರ್ಡ್ ಪ್ರಿಂಟೂ ಬೇಕು.

ಇದರಲ್ಲಿ ಮುಖ್ಯವಾದದ್ದು "ತೆಗಿಯೂದು" ಅನ್ನುವ ಸಾಲು. ಹೊಸ ನಂಬರನ್ನು ಎಲ್ಲರೂ ಕಳಿಸುತ್ತಾರೆ, ಹಳೆಯದನ್ನು ಯಾರೂ ಬರೆಯುವುದಿಲ್ಲ. ಕಾರ್ಡಿನಲ್ಲಿ ಒಂದೇ ನಂಬರ್ ಇದೆ ಅಂತ ಅವರಿಗೆ ಅನ್ನಿಸಿರುತ್ತದೆ. ಆದರೆ ಬಹಳ ಸಲ ಮಗನ ನಂಬರು, ಇನ್ನೊಂದು ಬ್ರಾಂಚಿನ ನಂಬರು ಕೂಡ ಇರುತ್ತವೆ. ಹಳೆಯದನ್ನೂ ಬರೆದರೆ ಡಿಸೈನರ್ ಕೇಳುವ ಮಾತೇ ಇಲ್ಲ.

ಹೊಸ ನಂಬರನ್ನು ಟೈಪ್ ಮಾಡಿಯೇ ಕಳಿಸಿ. ಟೈಪ್ ಮಾಡಿದ್ದಾದರೆ ನಾವು ಕಾಪಿ ಮಾಡಿ ಹಾಗೇ ಅಂಟಿಸುತ್ತೇವೆ, ನಮ್ಮ ಕೈ ಅದರ ಮೇಲೆ ಆಡುವುದಿಲ್ಲ. ವಾಯ್ಸ್ ಮೆಸೇಜಿನಲ್ಲಿ ಆಗುವ ತೊಂದರೆ ನೋಡಿ. ಆ ಹುಡುಗ ಕೊನೆಯ ಅಂಕಿಗಳಲ್ಲಿ 77ಕ್ಕೆ "ಸತ್ಯಾಹತ್ತರ" ಅಂದಿದ್ದ. ಮರಾಠಿಯಲ್ಲಿ 87ಕ್ಕೆ "ಸತ್ಯಾಐಂಶಿ". ಹಿಂದೆ ಮಷಿನ್ ಸದ್ದು, ಎರಡೂ ಶುರುವಾಗುವುದು "ಸತ್ಯಾ" ಅಂತಲೇ. ಹುಟ್ಟಿದಾಗಿನಿಂದ ಮರಾಠಿ ಕೇಳಿದವರಿಗೆ ಇದು ಏನೂ ಅಲ್ಲ. ಕನ್ನಡದ ಕಿವಿಗೆ ಕಷ್ಟ. ನಾನು ಮೂರು ಸಲ ಕೇಳಿ 87 ಅಂತಲೇ ಬರೆದುಕೊಂಡಿದ್ದೆ.

ಕಾಗದದ ಮೇಲೆ ಬರೆದು ಫೋಟೋ ಕಳಿಸುವವರೂ ಇದ್ದಾರೆ. ಕೈಬರಹದಲ್ಲಿ 1 ಮತ್ತು 7, 4 ಮತ್ತು 9 ಬೇಗ ಬೆರೆಯುತ್ತವೆ. ಮರಾಠಿ ಅಂಕಿಯಲ್ಲಿ ಬರೆದಿದ್ದರೆ ಇನ್ನೊಂದು ಗೊಂದಲ. ಮರಾಠಿಯ ನಾಲ್ಕು ಇಂಗ್ಲಿಷಿನ ಎಂಟಿನ ಹಾಗೆ ಕಾಣುತ್ತದೆ. ಕಾರ್ಡಿನ ಮೇಲೆ ಮರಾಠಿ ಅಂಕಿ ಬೇಕಿದ್ದರೂ ಮೆಸೇಜಿನಲ್ಲಿ ಇಂಗ್ಲಿಷ್ ಅಂಕಿಯಲ್ಲೇ ಬರೆಯಿರಿ. "ಮರಾಠಿ ಅಂಕಿ ಹಾಕಿ" ಅಂತ ಪಕ್ಕದಲ್ಲಿ ಹೇಳಿದರೆ ಸಾಕು.

ಅಂಕಿಗಳ ನಡುವೆ ಐದಕ್ಕೆ ಒಂದು ಜಾಗ ಬಿಡಿ. ಹತ್ತೂ ಒಟ್ಟಿಗೆ ಇದ್ದರೆ 877796 ಅಂತ ಒಂದು 7 ಜಾಸ್ತಿ ಬಿದ್ದದ್ದು ಕಣ್ಣಿಗೆ ಬೀಳುವುದಿಲ್ಲ. ಐದೈದಾಗಿ ಬರೆದರೆ ಒಂದು ಕಡೆ ಆರು ಅಂಕಿ ಇರುವುದು ತಕ್ಷಣ ಕಾಣುತ್ತದೆ.

ಇಮೇಜ್ ಕಳಿಸುವ ರೀತಿ

ಕಾರ್ಡನ್ನು ಮೊದಲು ಮಾಡಿಕೊಟ್ಟವರ ಬಳಿ ಒರಿಜಿನಲ್ ಫೈಲ್ ಸಿಗುತ್ತದಾ ಅಂತ ಒಮ್ಮೆ ಕೇಳಿ. ನಮ್ಮ ಕಡೆಯ ಪ್ರೆಸ್‌ಗಳಲ್ಲಿ ಅದು ಸಾಮಾನ್ಯವಾಗಿ ಕೋರಲ್ ಡ್ರಾ ಫೈಲ್, ಹೆಸರಿನ ಕೊನೆಗೆ `.cdr` ಅಂತ ಇರುತ್ತದೆ. ಅದು ಸಿಕ್ಕರೆ ಮುಂದಿನ ಅರ್ಧ ಕೆಲಸವೇ ಬೇಡ. ಕಾಕಾ ಅವರ ಕಾರ್ಡ್ ಮಾಡಿದ ಅಂಗಡಿ ಮುಚ್ಚಿ ಹೋಗಿತ್ತು.

ಫೈಲ್ ಇಲ್ಲವಾದರೆ ನಿಮ್ಮ ಬಳಿ ಇರುವ ಇಮೇಜಿನಲ್ಲಿ ಎಲ್ಲಕ್ಕಿಂತ ಹಳೆಯದನ್ನು ಹುಡುಕಿ. ವಾಟ್ಸಾಪಿನಲ್ಲಿ ಫೋಟೋ ಆಗಿ ಕಳಿಸಿದರೆ ಅದು ಇಮೇಜನ್ನು ಕುಗ್ಗಿಸುತ್ತದೆ. ಸೇವ್ ಮಾಡಿದ್ದನ್ನು ಮತ್ತೆ ಫೋಟೋ ಆಗಿ ಕಳಿಸಿದರೆ ಇನ್ನಷ್ಟು ಮಸುಕು. ಪಿನ್ನಿನ ಗುರುತು ಒತ್ತಿ, ಡಾಕ್ಯುಮೆಂಟ್ ಆರಿಸಿ, ಅಲ್ಲಿಂದ ಆ ಇಮೇಜ್ ಕಳಿಸಿ. ಆಗ ಅದು ಇದ್ದ ಹಾಗೇ ಬರುತ್ತದೆ. ಸ್ಕ್ರೀನ್‌ಶಾಟ್ ಮಾತ್ರ ಬೇಡ.

ಇಮೇಜೇ ಇಲ್ಲ, ಕಾಗದದ ಕಾರ್ಡ್ ಒಂದೇ ಉಳಿದಿದೆ ಅಂದರೆ ಅದನ್ನು ಅಂಗಡಿಗೇ ತಂದುಕೊಡಿ. ನಾವು ಸ್ಕ್ಯಾನ್ ಮಾಡಿಕೊಳ್ಳುತ್ತೇವೆ. ಟ್ಯೂಬ್‌ಲೈಟ್ ಕೆಳಗೆ ತೆಗೆದ ಫೋಟೋದಲ್ಲಿ ಕಾರ್ಡಿನ ಮೇಲೆ ಬಿಳಿ ಹೊಳಪು ಬೀಳುತ್ತದೆ. ಆ ಹೊಳಪು ನಂಬರ್ ಮೇಲೆ ಬಿದ್ದರೆ ಹಿನ್ನೆಲೆ ಬಣ್ಣ ಯಾವುದು ಅಂತ ತಿಳಿಯುವುದೇ ಇಲ್ಲ.

ಡಿಸೈನರ್ ಮೇಜಿನ ಮೇಲೆ: ತೇಪೆಯೋ, ಹೊಸ ಕಾರ್ಡೋ

ಇಮೇಜ್ ಬಂದ ಕೂಡಲೇ ಅದರ ಅಗಲ ನೋಡಿ. ಫೈಲಿನ ಪ್ರಾಪರ್ಟೀಸ್‌ನಲ್ಲಿ ಇರುತ್ತದೆ. ನಮ್ಮಲ್ಲಿ ಕಾರ್ಡ್ ಸಾಮಾನ್ಯವಾಗಿ ಮೂರೂವರೆ ಇಂಚು ಅಗಲ, ಎರಡು ಇಂಚು ಎತ್ತರ. ಒಳ್ಳೆಯ ಪ್ರಿಂಟಿಗೆ ಇಂಚಿಗೆ 300 ಪಿಕ್ಸೆಲ್ ಬೇಕು, ಅಂದರೆ ಅಗಲ 1050 ಪಿಕ್ಸೆಲ್. ಕಾಕಾ ಕಳಿಸಿದ್ದು 800. ಭಾಗಿಸಿದರೆ ಇಂಚಿಗೆ 228ರಷ್ಟು. ಫೋನಿನಲ್ಲಿ ನೋಡಲು ಧಾರಾಳ ಸಾಕು. ಪ್ರಿಂಟಿಗೆ ಸಾಲದು, ಅದರಲ್ಲೂ ಸಣ್ಣ ಅಕ್ಷರದ ವಿಳಾಸ ಮಸುಕಾಗುತ್ತದೆ.

ಇಲ್ಲಿ ನನ್ನ ಅಭಿಪ್ರಾಯ ಖಡಾಖಂಡಿತ. ವಾಟ್ಸಾಪಿಗೆ ಮಾತ್ರ ಬೇಕಿದ್ದರೆ ಇಮೇಜಿಗೆ ತೇಪೆ ಹಾಕಿ. 500 ಕಾರ್ಡ್ ಪ್ರಿಂಟ್ ಬೇಕಿದ್ದರೆ ಇಡೀ ಕಾರ್ಡನ್ನು ಹೊಸದಾಗಿ ಟೈಪ್ ಮಾಡಿ. ತೇಪೆ ಹಾಕಿದ ಇಮೇಜನ್ನೇ ಪ್ರೆಸ್ಸಿಗೆ ಕೊಟ್ಟರೆ ಹೊಸ ನಂಬರ್ ಚೂಪಾಗಿ, ಉಳಿದದ್ದು ಮಸುಕಾಗಿ ಬರುತ್ತದೆ. ಹಳೆ ಶರ್ಟಿಗೆ ಹೊಸ ಕಾಲರ್ ಹಾಕಿದ ಹಾಗೆ ಅಂತ ಕಾಕಾ ಅಂದರು. ಅಷ್ಟು ಹೇಳಿದ ಮೇಲೆ ಮುನ್ನೂರು ರೂಪಾಯಿ ಜಾಸ್ತಿ ಕೊಡಲು ಅವರೇ ಒಪ್ಪಿದರು.

ತೇಪೆ ಹಾಕುವುದು

ನಾನು ಇದಕ್ಕೆ ಜಿಂಪ್ ಬಳಸುತ್ತೇನೆ, ದುಡ್ಡು ಕೊಡಬೇಕಿಲ್ಲ. ಫೋಟೋಶಾಪಿನಲ್ಲೂ ಇದೇ ಕ್ರಮ.

ಕಾಕಾ ಅವರ ಕಾರ್ಡ್ ಮೆರೂನ್ ಬಣ್ಣದ್ದು, ಅಕ್ಷರ ಬಂಗಾರದ ಹಳದಿ. ಎಡಕ್ಕೆ ಕತ್ತರಿಯ ಚಿತ್ರ, ನಂಬರ್ ಕೆಳಗೆ ಬಲಕ್ಕೆ. ಮೊದಲು `Image > Scale Image` ನಲ್ಲಿ ಅಗಲವನ್ನು 800ರಿಂದ 1600 ಮಾಡಿದೆ. ಇದರಿಂದ ಹಳೆಯ ಅಕ್ಷರ ಏನೂ ಚೂಪಾಗುವುದಿಲ್ಲ. ಆದರೆ ಹೊಸ ಅಂಕಿಗಳ ಅಂಚು ನುಣ್ಣಗೆ ಬರಲು ಜಾಗ ಸಿಗುತ್ತದೆ.

ಈಗ ಹಳೆ ನಂಬರನ್ನು ಮುಚ್ಚಬೇಕು. ಕಣ್ಣಿಗೆ ಮೆರೂನ್ ಒಂದೇ ಬಣ್ಣ. ಹತ್ತಿರ ಹೋಗಿ, 800 ಪರ್ಸೆಂಟ್ ಜೂಮ್ ಮಾಡಿ ನೋಡಿ. ಅಂಕಿಗಳ ಸುತ್ತ ಸಣ್ಣ ಸಣ್ಣ ಚುಕ್ಕೆಗಳು, ಕೊಳೆ ಮೆತ್ತಿದ ಹಾಗೆ. ಜೆಪೆಗ್ ಇಮೇಜನ್ನು ಎಂಟು ಪಿಕ್ಸೆಲ್ ಅಗಲ, ಎಂಟು ಎತ್ತರದ ಚೌಕಗಳಾಗಿ ಒಡೆದು ಕುಗ್ಗಿಸುತ್ತದೆ. ಅಕ್ಷರದ ಅಂಚು ಹಾದು ಹೋಗುವ ಚೌಕಗಳಲ್ಲಿ ಈ ಕೊಳೆ ಉಳಿಯುತ್ತದೆ. ನಾವು ಇಮೇಜನ್ನು ಎರಡು ಪಟ್ಟು ಮಾಡಿದ್ದರಿಂದ ಆ ಚೌಕ ಈಗ ಹದಿನಾರು ಪಿಕ್ಸೆಲ್ ಆಗಿದೆ. ಅಂಕಿಯನ್ನು ಮಾತ್ರ ಅಳಿಸಿದರೆ ಸುತ್ತಲಿನ ಕೊಳೆ ಉಳಿದು, ಹಳೆ ನಂಬರಿನ ನೆರಳು ಕಾಣುತ್ತದೆ. ಅದಕ್ಕೇ ಅಂಕಿಗಳಿಂದ ನಾಲ್ಕೂ ಕಡೆ ಸುಮಾರು 20 ಪಿಕ್ಸೆಲ್ ಹೊರಗೆ ಬರುವಂತೆ `R` ಒತ್ತಿ ಚೌಕ ಆರಿಸಿ. ಪಕ್ಕದ ವಾಟ್ಸಾಪ್ ಗುರುತು ಒಳಗೆ ಬರದ ಹಾಗೆ ನೋಡಿಕೊಳ್ಳಿ.

ಬಣ್ಣ ತೆಗೆದುಕೊಳ್ಳಲು `O` ಒತ್ತಿ, `Sample average` ಆನ್ ಮಾಡಿ, ನಂಬರಿನಿಂದ ಸ್ವಲ್ಪ ದೂರ ಖಾಲಿ ಮೆರೂನ್ ಮೇಲೆ ಕ್ಲಿಕ್ ಮಾಡಿ. ಒಂದೇ ಪಿಕ್ಸೆಲ್ ಆರಿಸಿದರೆ ಬಣ್ಣ ಒಂದು ಕೂದಲೆಳೆ ಆಚೀಚೆ ಆಗಿ ಚೌಕದ ಗುರುತು ಉಳಿಯುತ್ತದೆ. ಸರಾಸರಿ ತೆಗೆದುಕೊಂಡರೆ ಆ ತೊಂದರೆ ಕಡಿಮೆ. ಹೊಸ ಲೇಯರ್ ಮಾಡಿ, `Ctrl+,` ಒತ್ತಿದರೆ ಚೌಕ ಮೆರೂನ್ ಆಗುತ್ತದೆ. ಬೇರೆ ಲೇಯರಿನಲ್ಲಿ ಮಾಡಿದ್ದರಿಂದ ಹಳೆ ನಂಬರ್ ಕೆಳಗೆ ಸುರಕ್ಷಿತವಾಗಿ ಇದೆ, ಅಳತೆಗೆ ಬೇಕಾಗುತ್ತದೆ.

ತೇಪೆ ಸರಿಯಾಗಿದೆಯಾ ಅಂತ ತಿಳಿಯುವುದು ಹೀಗೆ. ಜೂಮ್ ಕಡಿಮೆ ಮಾಡಿ, ಅದೇ ಇಮೇಜನ್ನು ಫೋನಿಗೆ ಕಳಿಸಿ, ಬ್ರೈಟ್‌ನೆಸ್ ಪೂರ್ತಿ ಏರಿಸಿ ನೋಡಿ. ಕಂಪ್ಯೂಟರಿನಲ್ಲಿ ಕಾಣದ ಚೌಕ ಫೋನಿನಲ್ಲಿ ಕಾಣುತ್ತದೆ. ಹಿನ್ನೆಲೆಯಲ್ಲಿ ಬಟ್ಟೆಯ ನೇಯ್ಗೆ ಇದ್ದರೆ ಅಥವಾ ಬಣ್ಣ ಮೇಲಿನಿಂದ ಕೆಳಗೆ ತಿಳಿಯಾಗುತ್ತಾ ಹೋಗಿದ್ದರೆ ಈ ಉಪಾಯ ನಡೆಯುವುದಿಲ್ಲ. ಅಲ್ಲಿ ಕ್ಲೋನ್ ಟೂಲ್ ಹಿಡಿದು, ಅದೇ ಎತ್ತರದಲ್ಲಿ ಪಕ್ಕದ ಖಾಲಿ ಜಾಗವನ್ನು ಎತ್ತಿ ಇಲ್ಲಿ ತುಂಬಬೇಕು.

ಹೊಸ ಅಂಕಿಗಳು

ಇಲ್ಲಿ ಒಂದು ಆಸೆ ಹುಟ್ಟುತ್ತದೆ. ಮೊದಲ ಐದು ಅಂಕಿ ಎರಡರಲ್ಲೂ 12340 ತಾನೇ, ಕೊನೆಯ ಐದನ್ನು ಮಾತ್ರ ಬದಲಿಸಿದರೆ ಸಾಕಲ್ವಾ? ನಾನೂ ಹಾಗೆ ಮಾಡಿ ನೋಡಿದ್ದೇನೆ. ಅರ್ಧ ಹಳೆಯ ಅಂಕಿ, ಅರ್ಧ ಹೊಸದು, ಒಂದೇ ಸಾಲಿನಲ್ಲಿ ಅಕ್ಕಪಕ್ಕ. ವ್ಯತ್ಯಾಸ ಎದ್ದು ಕಾಣುತ್ತದೆ. ಕಾರ್ಡಿನಲ್ಲೇ ಇರುವ ಅಂಕಿಗಳನ್ನು ಕತ್ತರಿಸಿ ಅಂಟಿಸೋಣ ಅಂದರೆ, ಹೊಸ ನಂಬರಿಗೆ 7, 8, 9 ಬೇಕು. ಹಳೆ ನಂಬರಿನಲ್ಲಿ ಮೂರೂ ಇಲ್ಲ. ಕೆಲವು ಫಾಂಟಿನಲ್ಲಿ 6ನ್ನು ತಲೆಕೆಳಗು ಮಾಡಿದರೆ 9 ಆಗುತ್ತದೆ, 7 ಮತ್ತು 8 ಎಲ್ಲಿಂದ ತರುವುದು? ಹತ್ತೂ ಅಂಕಿ ಹೊಸದಾಗಿ ಬರೆಯಿರಿ.

ಫಾಂಟ್ ಹುಡುಕಲು ಮೂರು ಅಂಕಿ ನೋಡಿ. 1ಕ್ಕೆ ಕೆಳಗೆ ಪಾದ ಇದೆಯಾ, 4ರ ತಲೆ ಮುಚ್ಚಿದೆಯಾ ತೆರೆದಿದೆಯಾ, 6ರ ಬಾಲ ನೇರವೋ ಸುರುಳಿಯೋ. ಇವು ಹೊಂದಿದರೆ ಉಳಿದವು ಬಹುತೇಕ ಹೊಂದುತ್ತವೆ. ಅದೇ ಫಾಂಟ್ ಸಿಗದಿದ್ದರೆ ಲ್ಯಾಂಡ್‌ಲೈನ್ ನಂಬರನ್ನೂ ಹೊಸ ಫಾಂಟಿನಲ್ಲೇ ಬರೆಯಿರಿ, ಎರಡೂ ಜೊತೆಯಾಗಿ ಕಾಣುತ್ತವೆ. ಆದರೆ ಕೇಳಿ ಮಾಡಿ, "ಬ್ಯಾರೆ ಏನೂ ಮುಟ್ಟಬ್ಯಾಡ್ರಿ" ಅಂತ ಅವರು ಬರೆದಿದ್ದಾರೆ.

`T` ಒತ್ತಿ, ಮೆಸೇಜಿನಿಂದ ಕಾಪಿ ಮಾಡಿದ ನಂಬರನ್ನು ಅಂಟಿಸಿ. ತೇಪೆಯ ಲೇಯರನ್ನು ಸ್ವಲ್ಪ ಹೊತ್ತು ಮರೆಮಾಡಿದರೆ ಹಳೆ ನಂಬರ್ ಕಾಣುತ್ತದೆ. ಎತ್ತರ, ಶುರುವಾಗುವ ಜಾಗ, ಕೆಳಗಿನ ಗೆರೆ ಅದರ ಮೇಲೆ ಕೂರಬೇಕು. ಸಾಲಿನ ಉದ್ದ ಒಂದಿಷ್ಟು ಬದಲಾಗಬಹುದು. ಬಹಳ ಫಾಂಟುಗಳಲ್ಲಿ 1 ತೆಳ್ಳಗೆ, 8 ದಪ್ಪ. ಬಣ್ಣವನ್ನು ಹಳೆ ಅಂಕಿಯ ನಡುವಿನಿಂದ ತೆಗೆದುಕೊಳ್ಳಿ, ಅಂಚಿನಿಂದ ತೆಗೆದರೆ ಮೆರೂನ್ ಬೆರೆತಿರುತ್ತದೆ. ಕೊನೆಗೆ ಒಂದು ಪಿಕ್ಸೆಲಿಗಿಂತ ಕಡಿಮೆ ಬ್ಲರ್ ಕೊಟ್ಟರೆ ಹೊಸ ಅಂಕಿಗಳು ಪಕ್ಕದ ಅಕ್ಷರಗಳ ಜೊತೆ ಬೆರೆಯುತ್ತವೆ.

ಕ್ಯೂಆರ್

ಇದನ್ನು ಮರೆಯುವವರೇ ಜಾಸ್ತಿ. ಕಾಕಾ ಅವರ ಕಾರ್ಡಿನ ಹಿಂದೆ ಎರಡು ಕ್ಯೂಆರ್ ಇದ್ದವು. ಫೋನಿನಲ್ಲಿ ಸ್ಕ್ಯಾನ್ ಮಾಡಿ ಒಳಗೆ ಏನಿದೆ ಅಂತ ನೋಡಿದೆ. ಒಂದರಲ್ಲಿ ವಾಟ್ಸಾಪಿನ ಲಿಂಕು, ಇನ್ನೊಂದು ದುಡ್ಡು ತೆಗೆದುಕೊಳ್ಳುವುದು:

```
https://wa.me/911234055621
upi://pay?pa=1234055621@bank&pn=TAILOR
```

ಎರಡರಲ್ಲೂ ಹಳೆ ನಂಬರ್. ಮುಂದೆ ಎಷ್ಟು ಚೆನ್ನಾಗಿ ತಿದ್ದಿದರೂ ಹಿಂದೆ ಹಳೆಯದೇ ಉಳಿಯುತ್ತದೆ, ಕಣ್ಣಿಗೆ ಕಾಣುವುದೂ ಇಲ್ಲ. ವಾಟ್ಸಾಪಿನದನ್ನು ಡಿಸೈನರ್ ಹೊಸದಾಗಿ ಮಾಡಬಹುದು. ಲಿಂಕಿನಲ್ಲಿ 91ರ ನಂತರ ಹತ್ತು ಅಂಕಿ, ಪ್ಲಸ್ ಬೇಡ, ನಡುವೆ ಜಾಗವೂ ಬೇಡ. ದುಡ್ಡಿನ ಕ್ಯೂಆರನ್ನು ಮಾತ್ರ ಡಿಸೈನರ್ ಮಾಡಲೇಬಾರದು. ಟೇಲರ್ ಮೊದಲು ಬ್ಯಾಂಕಿನಲ್ಲಿ ಹೊಸ ನಂಬರ್ ಸೇರಿಸಿ, ತಮ್ಮ ಆಪಿನಿಂದ ಬರುವ ಕ್ಯೂಆರನ್ನೇ ಕಳಿಸಬೇಕು. ಕಾರ್ಡಿನಲ್ಲಿ ಹಾಕಿದ ಮೇಲೆ ಬೇರೆ ಫೋನಿನಿಂದ ಸ್ಕ್ಯಾನ್ ಮಾಡಿ ಒಂದು ರೂಪಾಯಿ ಹಾಕಿ ನೋಡಿ. ಸರಿಯಾದ ಹೆಸರು ಬರಬೇಕು.

ಹಳೆ ನಂಬರನ್ನು ಹಗುರವಾಗಿ ಬಿಡಬೇಡಿ. ಬಂದ್ ಆದ ನಂಬರನ್ನು ಕನಿಷ್ಠ 90 ದಿನ ಬೇರೆಯವರಿಗೆ ಕೊಡುವಂತಿಲ್ಲ, ಆಮೇಲೆ ಕೊಡಬಹುದು. ಆಗ ನಿಮ್ಮ ಗಿರಾಕಿ ಹಳೆ ಕಾರ್ಡ್ ನೋಡಿ ಫೋನ್ ಮಾಡಿದರೆ ಯಾರೋ ಅಪರಿಚಿತರು ಎತ್ತುತ್ತಾರೆ.

ಪ್ರೂಫ್

ಕೆಲವು ವರ್ಷದ ಹಿಂದೆ ನಾನು ಒಬ್ಬರ 500 ಕಾರ್ಡ್ ಒಂದು ಅಂಕಿ ತಪ್ಪಾಗಿ ಪ್ರಿಂಟ್ ಮಾಡಿಸಿದೆ. ಪ್ರೂಫ್ ಕಳಿಸಿದ್ದೆ, ಅವರು "ಓಕೆ" ಅಂದಿದ್ದರು. ಅವರು ನೋಡಿದ್ದು ಬಣ್ಣ ಮತ್ತು ಹೆಸರು. ತಪ್ಪು ನನ್ನದೇ, ಖರ್ಚೂ ನಾನೇ ಕೊಟ್ಟೆ. ಅಂದಿನಿಂದ "ಓಕೆ" ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಟೇಲರ್ ಪ್ರೂಫ್ ಇಮೇಜನ್ನು ಒಂದು ಫೋನಿನಲ್ಲಿ ತೆರೆದು, ಇನ್ನೊಂದು ಫೋನಿನಿಂದ ಅದನ್ನು ನೋಡಿಕೊಂಡೇ ಡಯಲ್ ಮಾಡಬೇಕು. ಸೇವ್ ಆಗಿರುವ ಹೆಸರು ಒತ್ತುವಂತಿಲ್ಲ. ತಮ್ಮ ಹೊಸ ಫೋನು ರಿಂಗ್ ಆದ ಮೇಲೆ ಬರೆದು ಕಳಿಸಬೇಕು, "ರಿಂಗ್ ಆತು" ಅಂತ.

ಅದು ಬಂದ ಮೇಲೆ ಫೈಲ್ ಕೊಡುತ್ತೇನೆ. ವಾಟ್ಸಾಪಿಗೆ ಒಂದು ಪಿಎನ್‌ಜಿ. ಪ್ರೆಸ್ಸಿಗೆ ಹೊಸದಾಗಿ ಟೈಪ್ ಮಾಡಿದ ಕಾರ್ಡಿನ ಪಿಡಿಎಫ್, ಸುತ್ತ ಮೂರು ಮಿಲಿಮೀಟರ್ ಜಾಸ್ತಿ ಬಣ್ಣ ಬಿಟ್ಟು. ಆ ಜಾಗ ಇಲ್ಲದಿದ್ದರೆ ಕಟಿಂಗ್ ಮಷಿನ್ ಸ್ವಲ್ಪ ಜರುಗಿದರೂ ಮೆರೂನ್ ಅಂಚಿಗೆ ಬಿಳಿ ಗೆರೆ ಬರುತ್ತದೆ. ತಿದ್ದಬಹುದಾದ ಫೈಲನ್ನೂ ಗಿರಾಕಿಗೇ ಕೊಟ್ಟುಬಿಡುತ್ತೇನೆ. ನಾಳೆ ನನ್ನ ಅಂಗಡಿಯೂ ಬೇರೆ ಕಡೆ ಹೋಗಬಹುದು.

ಕಾಕಾ ಅವರಿಗೆ ಎಲ್ಲ ಮುಗಿಸಿ ಕೊಟ್ಟ ದಿನ ಅವರ ಅಂಗಡಿಗೆ ಹೋಗಿದ್ದೆ. ಮೇಜಿನ ಮೇಲೆ ಬಿಲ್ ಬುಕ್ ಇತ್ತು. ಗಿರಾಕಿಗೆ ಕೊಡುವ ಚೀಟಿಗೆ ಬಟ್ಟೆಯ ಚೂರು ಪಿನ್ ಮಾಡಿ ಕೊಡುತ್ತಿದ್ದರು. ಆ ಚೀಟಿಯ ತಲೆಯ ಮೇಲೆ ಹಳೆ ನಂಬರ್ ಹಾಗೇ ಇತ್ತು. ಇನ್ನೂ ಎಂಟು ಬುಕ್ ಉಳಿದಿದ್ದವು. ಹೊಸ ನಂಬರಿನ ಒಂದು ರಬ್ಬರ್ ಸ್ಟ್ಯಾಂಪ್ ಮಾಡಿಸಿಕೊಟ್ಟೆ. ಹುಡುಗ ಅವತ್ತು ಸಂಜೆಯೇ ಕೂತು ಒಂದೊಂದೇ ಹಾಳೆಗೆ ಹಳೆಯದನ್ನು ಹೊಡೆದುಹಾಕಿ ಹೊಸದನ್ನು ಒತ್ತತೊಡಗಿದ.